ಕಸ್ಟರ್ಡಿಗೂ ಬುರ್ಜಿಗೂ ಐದೇ ಡಿಗ್ರಿ

ನಮ್ಮ ಮನೆಯಲ್ಲಿ ಕಸ್ಟರ್ಡ್ ಎಂದರೆ ಪೊಟ್ಟಣದ ಪುಡಿಯನ್ನು ತಣ್ಣನೆಯ ಹಾಲಿನಲ್ಲಿ ಕದಡಿ, ಕುದಿಯುವ ಹಾಲಿಗೆ ಸುರಿದು, ಬಾಳೆಹಣ್ಣು, ದಾಳಿಂಬೆಗಳನ್ನು ಬೆರೆಸಿ ತಿನ್ನುವ ಪದಾರ್ಥ. ಆ ಪುಡಿಯಲ್ಲಿ ಮೊಟ್ಟೆಯೇ ಇಲ್ಲವೆಂಬುದು, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬುವರು ಮೊಟ್ಟೆ ಒಗ್ಗದ ತಮ್ಮ ಹೆಂಡತಿಗಾಗಿ 1837ರಲ್ಲಿ ಕಾರ್ನ್‌ಫ್ಲೋರಿನಿಂದ ಅದನ್ನು ಕಂಡುಹಿಡಿದರೆಂಬುದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ. ತಿಳಿದ ತಕ್ಷಣ ಸುಮ್ಮನಿರಬೇಕಿತ್ತು. ಆದರೆ ಹಾಸ್ಟೆಲಿನಿಂದ ಮಗಳು ರಜೆಗೆ ಬಂದಿದ್ದಳು. ಈ ಬಾರಿ ಪುಡಿಯ ಹಂಗಿಲ್ಲದೆ ಮೊಟ್ಟೆಯ ಅಸಲಿ ಕಸ್ಟರ್ಡನ್ನೇ ಮಾಡಿ ಬಡಿಸುತ್ತೇನೆಂದು ನಾನು ಘೋಷಿಸಿಬಿಟ್ಟೆ.

ಪಾಕವಿಧಾನ ಇಂಗ್ಲಿಷಿನಲ್ಲಿತ್ತು. ಅರ್ಧ ಲೀಟರ್ ಹಾಲು, ಐದು ಮೊಟ್ಟೆಗಳ ಹಳದಿ ಭಾಗ, 75 ಗ್ರಾಂ ಸಕ್ಕರೆ, ಕೊನೆಗೆ ವೆನಿಲಾ. ಇಷ್ಟರವರೆಗೆ ತೊಂದರೆಯಿರಲಿಲ್ಲ. ಮುಂದಿನ ಸಾಲಿನಲ್ಲಿ ಮೊಟ್ಟೆಯನ್ನು 'ಟೆಂಪರ್' ಮಾಡಿ ಎಂದಿತ್ತು. ನಮ್ಮ ದೇಶದ ಇಂಗ್ಲಿಷ್ ಅಡುಗೆ ಪುಸ್ತಕಗಳಲ್ಲಿ ಟೆಂಪರಿಂಗ್ ಎಂದರೆ ಒಗ್ಗರಣೆ. ನಾನು ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡ ಹೆಂಡತಿ, ಮುಖದಲ್ಲಿ ಒಂದು ಗೆರೆಯೂ ಕದಲದಂತೆ, "ಸಾಸಿವೆ ಕೊಡಲೇನ್ರೀ, ಇಂಗೂ ಬೇಕಾ?" ಎಂದಳು. ಒಗ್ಗರಣೆಯಂತೂ ಇರಲಾರದು, ಅದೇನೋ ಅಲಂಕಾರದ ಮಾತಿರಬೇಕೆಂದು ತೀರ್ಮಾನಿಸಿ, ಆ ಸಾಲನ್ನೇ ಹಾರಿಸಿ, ಉಕ್ಕಿ ಬಂದ ಹಾಲಿಗೆ ಕಲಸಿದ ಹಳದಿಯನ್ನು ಒಮ್ಮೆಲೇ ಸುರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪಾತ್ರೆಯ ತುಂಬ ಹಳದಿ ಎಳೆಗಳು, ಶಾವಿಗೆ ಪಾಯಸದಲ್ಲಿ ಶಾವಿಗೆ ತೇಲುವಂತೆ ತೇಲತೊಡಗಿದವು. ಸೌಟಿನಲ್ಲಿ ಎತ್ತಿ ರುಚಿ ನೋಡಿದರೆ ಸಿಹಿಯಾದ ಮೊಟ್ಟೆ ಬುರ್ಜಿ.

ಆದದ್ದು ಇಷ್ಟೇ. ಮೊಟ್ಟೆಯ ಹಳದಿ ತಾನೊಂದೇ ಇದ್ದಾಗ 65 ಡಿಗ್ರಿಯ ಆಸುಪಾಸಿನಲ್ಲಿ ದಪ್ಪವಾಗಲು ತೊಡಗಿ, 70ರ ಹೊತ್ತಿಗೆ ಗಟ್ಟಿಯಾಗಿಬಿಡುತ್ತದೆ. ಕುದಿಯುವ ಹಾಲಿಗೆ ಬಿದ್ದ ಹಳದಿಗೆ ಹಾಲಿನಲ್ಲಿ ಹರಡಿಕೊಳ್ಳಲು ಪುರುಸೊತ್ತೇ ಸಿಗುವುದಿಲ್ಲ. ಬಿದ್ದಲ್ಲೇ ಬೆಂದು ಎಳೆಯಾಗುತ್ತದೆ. ಆದ್ದರಿಂದ ಮೊಟ್ಟೆಯನ್ನು ಹಾಲಿಗೆ ಸುರಿಯದೆ, ಹಾಲನ್ನೇ ಮೊಟ್ಟೆಗೆ ಸ್ವಲ್ಪ ಸ್ವಲ್ಪವಾಗಿ ಸುರಿಯಬೇಕು. ಆ ಪುಸ್ತಕದ ಟೆಂಪರಿಂಗ್ ಎಂದರೆ ಇದು. ಬಿಸಿನೀರಿನ ಹಂಡೆಗೆ ಮಗುವನ್ನು ಇಳಿಸದೆ, ಮಗುವಿನ ಮೈಮೇಲೆ ಹದ ನೋಡಿ ಚೊಂಬಿನಿಂದ ನೀರು ಹುಯ್ಯುವ ವಿವೇಕ ನಮ್ಮ ಅಜ್ಜಿಯಂದಿರಿಗೆ ಪುಸ್ತಕವಿಲ್ಲದೆಯೇ ಇತ್ತು.

ಮರುದಿನ ಮತ್ತೆ ಐದು ಮೊಟ್ಟೆ ಒಡೆದೆ. ಬಟ್ಟಲಿನಲ್ಲಿ ಹಳದಿ ಮತ್ತು ಸಕ್ಕರೆಯನ್ನು ಕಲಸಿ, ಬಟ್ಟಲು ಜಾರದಂತೆ ಅಡಿಗೆ ಒದ್ದೆ ಬಟ್ಟೆ ಹಾಸಿ, ಒಲೆಯಿಂದ ಇಳಿಸಿದ ಹಾಲನ್ನು ಎಡಗೈಯಲ್ಲಿ ಸಣ್ಣ ಸೌಟಿನಿಂದ ಎರೆಯುತ್ತ ಬಲಗೈಯಲ್ಲಿ ಬಿಡದೆ ಕಲಕಿದೆ. ಮೊದಲ ಸೌಟಿಗೆ ಬಟ್ಟಲಿನ ಮಿಶ್ರಣ ಸ್ನಾನದ ನೀರಿನಷ್ಟು ಬೆಚ್ಚಗಾಗುತ್ತದೆ, ಅಷ್ಟೇ. ನಾಲ್ಕು ಸೌಟು, ಅಂದರೆ ಹೆಚ್ಚುಕಡಿಮೆ 150 ಮಿಲಿ ಹೋಗುವ ಹೊತ್ತಿಗೆ ಅದು 60 ಡಿಗ್ರಿಯ ಹತ್ತಿರ ಬಂದು, ತೆಳ್ಳಗೆ ಹರಿಯುವಂತಾಗಿರುತ್ತದೆ. ಆಮೇಲೆ ಅದನ್ನೆಲ್ಲ ಹಾಲಿನ ಪಾತ್ರೆಗೆ ಸುರಿದರೂ ಒಟ್ಟು ಬಿಸಿ 70ರ ಆಚೀಚೆ ನಿಲ್ಲುತ್ತದೆ. ಒಂದು ಎಳೆಯೂ ಇಲ್ಲ. ಗೆದ್ದೆನೆಂದುಕೊಂಡು, ಪಾಯಸಕ್ಕೆ ಮಾಡುವಂತೆ ಉರಿ ದೊಡ್ಡದು ಮಾಡಿ, ಒಂದು ಕುದಿ ಬರಲೆಂದು ಕಾದು ನಿಂತೆ.

ಕುದಿ ಬರಲಿಲ್ಲ. ಅದಕ್ಕೆ ಮೊದಲೇ ಪಾತ್ರೆಯೊಳಗಿನದು ರವೆ ರವೆಯಾಗಿ ಒಡೆದು, ನೀರು ಬೇರೆ, ಹರಳು ಬೇರೆಯಾಯಿತು. ಅಡುಗೆಮನೆಯ ತುಂಬ ಬೇಯಿಸಿದ ಮೊಟ್ಟೆಯ ವಾಸನೆ. ಮಜ್ಜಿಗೆಹುಳಿ ಒಡೆದಾಗ ಅತ್ತೆಯವರ ಮುಖದಲ್ಲಿ ಕಾಣುತ್ತಿದ್ದ ಭಾವವೇ ಹೆಂಡತಿಯ ಮುಖದಲ್ಲಿ ಕಂಡಿತು.

ಟೆಂಪರಿಂಗ್ ಮಾಡಿದರೆ ಮೊಟ್ಟೆಗೆ ಜೀವಮಾನದ ವಿಮೆ ಮಾಡಿಸಿದಂತೆ ಎಂದು ನಾನು ತಿಳಿದಿದ್ದೆ. ಅದು ಬರೀ ಹೊಸಿಲು ದಾಟಿಸುವ ಕೆಲಸ. ನಿಜವಾದ ಗಂಡಾಂತರ ಒಳಗೆ ಬಂದ ಮೇಲಿನದು. ಹಾಲು, ಸಕ್ಕರೆಗಳು ಮೊಟ್ಟೆಯ ಪ್ರೋಟೀನಿನ ಎಳೆಗಳನ್ನು ದೂರ ದೂರ ಇರಿಸುವುದರಿಂದ ದಪ್ಪವಾಗುವ ಬಿಸಿ ಮೇಲಕ್ಕೆ ಸರಿಯುತ್ತದೆ. 75 ಡಿಗ್ರಿಯ ನಂತರ ಮೆಲ್ಲನೆ ದಪ್ಪವಾಗತೊಡಗಿ, 80ರಿಂದ 82ರೊಳಗೆ ಹದಕ್ಕೆ ಬರುತ್ತದೆ. ಈ ಹಂತದಲ್ಲಿ ಪ್ರೋಟೀನುಗಳು ಸಡಿಲವಾಗಿ ಕೈ ಹಿಡಿದುಕೊಂಡು ನೀರನ್ನು ತಮ್ಮ ನಡುವೆ ಇರಿಸಿಕೊಂಡಿರುತ್ತವೆ. 85 ದಾಟಿದರೆ ಒಂದನ್ನೊಂದು ಬಿಗಿದಪ್ಪಿ, ನಡುವಿನ ನೀರನ್ನು ಹಿಂಡಿ ಹೊರಹಾಕುತ್ತವೆ. ಪುಡಿಯ ಕಸ್ಟರ್ಡನ್ನು ಧಾರಾಳವಾಗಿ ಕುದಿಸಬಹುದು, ಏಕೆಂದರೆ ಅಲ್ಲಿ ದಪ್ಪ ತರುವುದು ಪಿಷ್ಟ. ಆ ಅಭ್ಯಾಸವೇ ನನ್ನನ್ನು ಕೆಡಿಸಿತು.

ಹಾಗಾದರೆ ಬಿಸಿ ಅಳೆಯಬೇಕು. ಮನೆಯಲ್ಲಿದ್ದದ್ದು ಜ್ವರ ನೋಡುವ ಥರ್ಮಾಮೀಟರ್. ಅದನ್ನು ಹಬೆಗೆ ಹಿಡಿದದ್ದು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. 42 ಡಿಗ್ರಿಗಿಂತ ಹೆಚ್ಚು ಜ್ವರ ಬಂದವರನ್ನು ಕಂಡೇ ಇರದ ಆ ಸಾಧನ 'H' ಎಂಬ ಒಂದಕ್ಷರ ತೋರಿಸಿ ಕೈಚೆಲ್ಲಿತು. ಸಂಜೆ ಪೇಟೆಗೆ ಹೋಗಿ, ಅಡುಗೆಗೆ ಬಳಸುವ, ಉದ್ದನೆಯ ಕಡ್ಡಿಯಿರುವ ಥರ್ಮಾಮೀಟರನ್ನು ತಂದೆ.

ಮೂರನೆಯ ದಿನ ಸಣ್ಣ ಉರಿ, ಮರದ ಸೌಟು, ಪಾತ್ರೆಯ ಮೂಲೆಗಳನ್ನೂ ಬಿಡದೆ ತಳ ಕೆರೆಯುವಂತೆ ಎಂಟರ ಆಕಾರದಲ್ಲಿ ತಿರುವುವ ಕೆಲಸ. 70ರಲ್ಲಿ ಹಾಲು ಹಾಲಾಗಿಯೇ ಇತ್ತು, ಮೇಲೆ ಕಲಕಿದ ನೊರೆ. 75ರ ಹತ್ತಿರ ಆ ನೊರೆ ತಾನಾಗಿ ಕರಗತೊಡಗಿತು. ಥರ್ಮಾಮೀಟರ್ ಇಲ್ಲದವರು ಇದನ್ನೇ ಗುರುತಾಗಿ ಇಟ್ಟುಕೊಳ್ಳಬಹುದು. 78ಕ್ಕೆ ಸೌಟು ತುಸು ಭಾರವೆನಿಸಿತು. 80 ದಾಟಿದಾಗ ಸೌಟನ್ನೆತ್ತಿ ಅದರ ಬೆನ್ನ ಮೇಲೆ ಬೆರಳಿನಿಂದ ಗೆರೆ ಎಳೆದೆ. ಎರಡೂ ಬದಿಯ ಕೆನೆ ಸೇರಿಕೊಳ್ಳದೆ ಗೆರೆ ಹಾಗೆಯೇ ನಿಂತಿತು. 82 ಕಂಡದ್ದೇ ಒಲೆ ಆರಿಸಿದೆ. ಆದರೂ ಅಂಕಿ 83ಕ್ಕೆ ಏರಿತು, ಏಕೆಂದರೆ ಒಲೆ ಆರಿದರೂ ಪಾತ್ರೆಯ ತಳ ಆರಿರುವುದಿಲ್ಲ. ತಣ್ಣೀರಿನಲ್ಲಿ ಇಟ್ಟಿದ್ದ ಬಟ್ಟಲಿಗೆ, ಎದೆ ಹೊಡೆದುಕೊಳ್ಳುತ್ತಿರುವಾಗಲೇ, ಜರಡಿಯ ಮೂಲಕ ಸೋಸಿಬಿಟ್ಟೆ. ಜರಡಿಯಲ್ಲಿ ಉಳಿದದ್ದು ಸಾಸಿವೆ ಕಾಳಿನಷ್ಟರ ಎರಡು ಹರಳು ಮಾತ್ರ. ಅಂತೂ ಹೆಂಡತಿ ಕೇಳಿದ್ದ ಸಾಸಿವೆ ಸಿಕ್ಕಿತು.

ತುಸು ಮಾತ್ರ ರವೆಯಾಗಿದ್ದರೆ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ ಮಾನ ಉಳಿಸಿಕೊಳ್ಳಬಹುದೆಂದು ಆಮೇಲೆ ತಿಳಿಯಿತು. ನನ್ನ ಎರಡನೆಯ ದಿನದ ಸಾಧನೆಯಂತೆ ನೀರು ಪೂರ್ತಿ ಬೇರೆಯಾಗಿದ್ದರೆ ಮಿಕ್ಸಿಯೂ ಏನೂ ಮಾಡಲಾರದು.

ತಣ್ಣಗಾದ ಕಸ್ಟರ್ಡನ್ನು ಮಗಳ ಮುಂದಿಟ್ಟೆ. ಇದು ಪುಡಿಯದರಂತೆ ಗಟ್ಟಿಯಾಗಿ ಕೂರುವುದಿಲ್ಲ. ದಪ್ಪ ಕೆನೆಯಂತೆ ಹರಿಯುವುದೇ ಇದರ ಲಕ್ಷಣ. ಅವಳು ಚಮಚದಿಂದ ಎತ್ತಿ, ಸುರಿದು, ಮತ್ತೆ ಎತ್ತಿ, "ಅಪ್ಪಾ, ಚೆನ್ನಾಗಿದೆ, ಆದರೆ ಪುಡಿ ಸ್ವಲ್ಪ ಕಡಿಮೆ ಆಯಿತೇನೋ" ಎಂದಳು. ನಾನು ಪ್ರೋಟೀನು, ಪಿಷ್ಟಗಳ ವಿಚಾರ ಎತ್ತುವ ಮೊದಲೇ ಹೆಂಡತಿ ಫ್ರಿಜ್ಜಿನ ಬಾಗಿಲು ತೆರೆದು, ಮೂರು ದಿನಗಳಿಂದ ಕೂಡಿದ್ದ ಹದಿನೈದು ಮೊಟ್ಟೆಗಳ ಬಿಳಿ ಭಾಗವಿದ್ದ ಡಬ್ಬಿಯನ್ನು ಹೊರತೆಗೆದಳು. ಆ ರಾತ್ರಿ ಚಪಾತಿಗೆ ನಂಜಿಕೊಳ್ಳಲು ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ, ದೊಡ್ಡ ಉರಿಯಲ್ಲಿ, ಯಾವ ಥರ್ಮಾಮೀಟರಿನ ನೆರವೂ ಇಲ್ಲದೆ ಮಾಡಿದ ಬಿಳಿ ಬುರ್ಜಿ ಇತ್ತು. ಅದಕ್ಕೆ ಸಾಸಿವೆಯ ಒಗ್ಗರಣೆಯೂ ಬಿದ್ದಿತ್ತು.