ಸ್ಕೇಲಿಂಗ್‌ನಿಂದ ಹಲ್ಲು ಸಡಿಲ ಆಗುತ್ತಾ?

"ಸ್ಕೇಲಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗಿ ಸಂದು ಬೀಳುತ್ತಂತೆ. ಶುಗರ್ ಇರೋರು ಮಾಡಿಸಲೇಬಾರದಂತೆ. ನಿಜಾನಾ?"

ಇಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಗೆ ನಾಲಿಗೆ ತಾಗಿಸಿ ನೋಡಿ. ಒರಟಾಗಿ ಸಿಗುವುದು ಹೆಚ್ಚಾಗಿ ಗಟ್ಟಿಯಾದ ಪಾಚಿ. ಅದು ಬ್ರಷ್‌ಗೆ ಬಗ್ಗುವುದಿಲ್ಲ. ಅದರಿಂದ ವಸಡು ಊದುತ್ತದೆ, ಒಳಗೆ ಹಲ್ಲು ಹಿಡಿದಿರುವ ಮೂಳೆ ನಿಧಾನವಾಗಿ ಕರಗುತ್ತದೆ. ಸಂದು ಆಗಲೇ ಬಿದ್ದಿರುತ್ತದೆ, ಪಾಚಿ ಅದನ್ನು ಮುಚ್ಚಿರುತ್ತದೆ ಅಷ್ಟೇ. ಸ್ಕೇಲಿಂಗ್‌ನಲ್ಲಿ ಈ ಪಾಚಿ ತೆಗೆದು ಊತ ಇಳಿದಾಗ ಸಂದು ಕಾಣುತ್ತದೆ, ಬೈಗುಳ ಮಾತ್ರ ಸ್ಕೇಲಿಂಗ್‌ಗೆ! ಕೆಲವು ದಿನ ಹಲ್ಲು ಜುಮ್ಮೆನ್ನುವುದು ಮಾಮೂಲು.

ಶುಗರ್ ಇದ್ದರೆ ಸ್ಕೇಲಿಂಗ್ ಇನ್ನೂ ಜಾಸ್ತಿ ಬೇಕಾಗಬಹುದು. ಶುಗರ್ ಏರಿದರೆ ವಸಡಿನ ಸೋಂಕು ಬಲಿಯುತ್ತದೆ, ಸೋಂಕು ಇದ್ದರೆ ಶುಗರ್ ಹಿಡಿತಕ್ಕೆ ಬರುವುದು ಕಷ್ಟ. ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ತಿಂಗಳ ಸರಾಸರಿ ಶುಗರ್ ಸ್ವಲ್ಪ ಇಳಿಯುವುದೂ ಉಂಟು. ಶುಗರ್ ತೀರಾ ಜಾಸ್ತಿ ಇದ್ದರೆ ಮೊದಲು ಡಾಕ್ಟರಿಗೆ ಹೇಳಿ. ಮಾತ್ರೆ, ಊಟ ತಪ್ಪಿಸಿ ಹೋಗಬೇಡಿ.

ಎಲ್ಲರಿಗೂ ಆರು ತಿಂಗಳಿಗೊಮ್ಮೆ ಬೇಕೆಂದೇನಿಲ್ಲ. ದಂತವೈದ್ಯರು ಸಣ್ಣ ಕಡ್ಡಿಯಿಂದ ಹಲ್ಲಿಗೂ ವಸಡಿಗೂ ನಡುವಿನ ಸಂದಿಯ ಆಳ ಅಳೆಯುತ್ತಾರೆ. 3 ಮಿಲಿಮೀಟರ್‌ವರೆಗೆ ಸರಿ. 4 ದಾಟಿ ರಕ್ತ ಬಂದರೆ ಬೇರಿನವರೆಗೂ ಶುಚಿ ಮಾಡಬೇಕಾಗಬಹುದು.

ರಕ್ತ ಬರುತ್ತೆ ಅಂತ ಬ್ರಷ್ ಬಿಡಬೇಡಿ. ಮೆತ್ತನೆ ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಇಟ್ಟು, ಇದ್ದಲ್ಲೇ ಸಣ್ಣಗೆ ಅಲುಗಾಡಿಸಿ. ಗರಗಸದ ಹಾಗೆ ಉಜ್ಜಿದರೆ ಹಲ್ಲಿನ ಬುಡ ಸವೆಯುತ್ತದೆ.