ಟೋಕನ್ 17, ಒಳಗಿರೋದು 9

ಮಕ್ಕಳ ಡಾಕ್ಟರ ಹತ್ತಿರ ಕಾಯುವಾಗ ಮಗುವಿನ ಕೈಗೆ ಫೋನ್ ಕೊಡಬೇಕಾ ಬೇಡವಾ ಅಂತ ದೊಡ್ಡ ದೊಡ್ಡ ಚರ್ಚೆಗಳೇ ಆಗುತ್ತವೆ. ನನ್ನ ತಕರಾರು ಕೊಡುವುದರ ಬಗ್ಗೆ ಅಲ್ಲ, ವಾಪಸ್ ಕಿತ್ಕೊಳ್ಳುವ ಹೊತ್ತಿನ ಬಗ್ಗೆ. ಮಗು ಕಾರ್ಟೂನ್‌ನಲ್ಲಿ ಮುಳುಗಿರುತ್ತದೆ. ಅಷ್ಟರಲ್ಲಿ ಕಾಂಪೌಂಡರ್ ಹೆಸರು ಕೂಗುತ್ತಾರೆ. ನಾವು ಗಡಿಬಿಡಿಯಲ್ಲಿ ಫೋನ್ ಎಳೆದುಕೊಳ್ಳುತ್ತೇವೆ. ಹಾಗೆ ಅಳುತ್ತಾ ಒಳಗೆ ಹೋದ ಮಗುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಡಾಕ್ಟರಿಗೆ ಅಳು ಬಿಟ್ಟು ಇನ್ನೇನು ಕೇಳಿಸೀತು?

ನಾನು ಡೇ ಕೇರ್‌ನಲ್ಲಿ ಮಕ್ಕಳನ್ನು ನೋಡಿಕೊಳ್ಳುವವಳು, ಮನೆಯಲ್ಲೂ ಒಂದು ಮಗು ಇದೆ. ಹಾಗಾಗಿ ಕಾಯುವ ಮಕ್ಕಳನ್ನು ಎರಡೂ ಕಡೆಯಿಂದ ನೋಡುತ್ತೇನೆ. ನನಗೆ ಅನಿಸುವುದು ಇಷ್ಟು: ನಾಲ್ಕೈದು ವರ್ಷದ ಮಗುವಿಗೆ ಕಾಯುವುದಕ್ಕಿಂತ ಜಾಸ್ತಿ ಕಷ್ಟ ಅಂದರೆ ಅದು ಯಾವಾಗ ಮುಗಿಯುತ್ತದೆ ಅಂತ ಗೊತ್ತಾಗದೇ ಇರುವುದು. 'ಇನ್ನು ಹತ್ತೇ ನಿಮಿಷ ಕಂದಾ' ಅಂದರೆ ಅದಕ್ಕೆ ಏನೂ ಅರ್ಥ ಆಗಲ್ಲ. ಗಡಿಯಾರ ಬರಲ್ಲ, ಆದರೆ ಎಣಿಸೋದು ಬರುತ್ತದೆ, ಒಂದಾದ ಮೇಲೆ ಇನ್ನೊಂದು ಅನ್ನೋದು ಗೊತ್ತಾಗುತ್ತದೆ. ಆಟಗಳೆಲ್ಲ ಆಮೇಲೆ, ಮೊದಲು ಕಾಯುವುದನ್ನೇ ಮಗುವಿನ ಕಣ್ಣಿಗೆ ಕಾಣುವ ಹಾಗೆ ಮಾಡಬೇಕು.

ನಿಮ್ಮ ಟೋಕನ್ 17, ಒಳಗೆ ಇರುವುದು 9 ಅಂದುಕೊಳ್ಳಿ. ಬ್ಯಾಗಿನಲ್ಲಿರುವ ಯಾವುದಾದರೂ ಹಳೇ ಬಿಲ್ಲಿನ ಹಿಂದೆ 8 ಸೊನ್ನೆ ಬರೆಯಿರಿ. ಕೊನೆಯ ಸೊನ್ನೆಯ ಪಕ್ಕ ಮಗುವಿನ ಹೆಸರಿನ ಮೊದಲ ಅಕ್ಷರ. ಬಾಗಿಲು ತೆರೆದು ಒಬ್ಬರು ಆಚೆ ಬಂದಾಗೆಲ್ಲ ಮಗು ಒಂದು ಸೊನ್ನೆಗೆ ಬಣ್ಣ ತುಂಬಬೇಕು, ಪೆನ್ನಾದರೂ ಸಾಕು. ಕಣ್ಣು ಬಾಗಿಲ ಮೇಲೆ, ಕೈ ಕಾಗದದ ಮೇಲೆ. ಓಡಾಟ ತಾನಾಗೇ ಕಮ್ಮಿ ಆಗುತ್ತದೆ.

ಇದು ಕೆಡುವುದು ಒಂದೇ ಕಡೆ. ಮಧ್ಯದಲ್ಲಿ ಜ್ವರ ಏರಿದ ಪಾಪುವನ್ನು ಎತ್ತಿಕೊಂಡು ಯಾರೋ ಓಡಿ ಬರುತ್ತಾರೆ, ಅವರನ್ನು ಮೊದಲು ಒಳಗೆ ಬಿಡುತ್ತಾರೆ. ಆಗ ನಮ್ಮ ಮಗುವಿನ ಲೆಕ್ಕ ತಪ್ಪುತ್ತದೆ, ರಂಪ ಶುರು. ಅದಕ್ಕೆ ಅಂಥವರು ಬಂದಾಗ ಸಾಲಿನ ಮಧ್ಯೆ ಒಂದು ತ್ರಿಕೋಣ ಸೇರಿಸಿ. 'ಇದು ತುಂಬಾ ಹುಷಾರಿಲ್ಲದ ಪಾಪುವಿಂದು' ಅಂದರೆ ಸಾಕು, ತ್ರಿಕೋಣಕ್ಕೂ ಬಣ್ಣ ಹಾಕುತ್ತದೆ. ('ಬರೀ ರಿಪೋರ್ಟ್ ತೋರಿಸೋದಷ್ಟೇ' ಅಂತ ನುಸುಳುವವರಿಗೆ ಯಾವ ಆಕಾರ ಬರೆಯಬೇಕು ಅಂತ ನೀವೇ ಯೋಚಿಸಿ.)

ಮೊದಲ ಇಬ್ಬರು ಒಳಗೆ ಎಷ್ಟು ಹೊತ್ತು ಇರುತ್ತಾರೆ ಅಂತ ನೀವೂ ನೋಡಿಕೊಳ್ಳಿ. ಒಬ್ಬರಿಗೆ ಆರು ನಿಮಿಷ ಅಂದರೆ ಎಂಟು ಜನಕ್ಕೆ ಮುಕ್ಕಾಲು ಗಂಟೆ ದಾಟಿತು. ಅಷ್ಟು ಹೊತ್ತು ಯಾವ ಮಗುವನ್ನೂ ಕುರ್ಚಿಯಲ್ಲಿ ಕೂರಿಸೋಕೆ ಆಗಲ್ಲ. ನಡೆದಾಡುವಷ್ಟು ಚೆನ್ನಾಗಿದ್ದರೆ ಕಾಂಪೌಂಡರಿಗೆ ಹೇಳಿ ಸ್ವಲ್ಪ ಹೊತ್ತು ಹೊರಗೆ ಕರೆದುಕೊಂಡು ಹೋಗಿ. ಎಂಟರಲ್ಲಿ ನಾಲ್ಕು ಸೊನ್ನೆ ತುಂಬುವ ಹೊತ್ತಿಗೆ ಒಳಗೆ ಬಂದು ಕೂತರೆ ಆಯ್ತು.

ಕೂತ ಮೇಲೆ ಚುಕ್ಕಿ ಆಟ. ಸಾಲಿಗೆ ಮೂರರಂತೆ ಮೂರು ಸಾಲು ಚುಕ್ಕಿ ಇಡಿ. ಒಬ್ಬೊಬ್ಬರೂ ಪಕ್ಕದ ಎರಡು ಚುಕ್ಕಿ ಸೇರಿಸಿ ಒಂದೊಂದು ಗೆರೆ ಎಳೆಯಬೇಕು, ನಾಲ್ಕನೇ ಗೆರೆ ಎಳೆದು ಚೌಕದ ಮನೆ ಮುಚ್ಚಿದವರು ತಮ್ಮ ಅಕ್ಷರ ಬರೆದು ಇನ್ನೊಂದು ಗೆರೆ ಎಳೆಯಬಹುದು. 12 ಗೆರೆ, 4 ಮನೆ, ಐದು ನಿಮಿಷದೊಳಗೆ ಮುಗಿಯುತ್ತದೆ. ದೊಡ್ಡ ಮಕ್ಕಳಿಗೆ ಸಾಲಿಗೆ ನಾಲ್ಕರಂತೆ ನಾಲ್ಕು ಸಾಲು ಇಟ್ಟರೆ 9 ಮನೆ. ಆದರೆ ಒಂಬತ್ತರಲ್ಲಿ ಯಾರಾದರೂ ಒಬ್ಬರು ಸೋಲಲೇಬೇಕು. ನಾಲ್ಕು ಮನೆಯಾದರೆ ಎರಡೆರಡು ಅಂತ ಸಮ ಮಾಡಿಕೊಳ್ಳಬಹುದು. ಮೊದಲೇ ಮೈ ಹುಷಾರಿಲ್ಲದ ಮಗುವನ್ನು ಕ್ಲಿನಿಕ್‌ನಲ್ಲಿ ಸೋಲಿಸಿ ಅಳಿಸುವ ಉಸಾಬರಿ ಯಾಕೆ?

ಜ್ವರದಿಂದ ಮಂಕಾಗಿ ತೊಡೆ ಮೇಲೆ ಮಲಗಿದ ಮಗುವಿಗೆ ಇದೆಲ್ಲ ಬೇಡ. ಅದಕ್ಕೆ ಬೆನ್ನ ಮೇಲೆ ಬರೆಯುವ ಆಟ ಒಂದೇ ಸಾಕು. ಬೆರಳಲ್ಲಿ ನಿಧಾನವಾಗಿ ಒಂದು ಅಕ್ಷರ ಬರೆಯಿರಿ, ಏನು ಅಂತ ಮಗು ಹೇಳಬೇಕು. ಅಕ್ಷರ ಕಲಿಯುತ್ತಿರುವ ಮಗುವಾದರೆ 'ರ' ಬರೆದು, ಆಮೇಲೆ 'ಠ' ಬರೆದು ನೋಡಿ. ಒಳಗಿನ ಚುಕ್ಕಿ ಹಿಡಿಯಬೇಕು ಅಂದರೆ ಮಿಸುಕಾಡದೆ ಇರಬೇಕು, 'ಸುಮ್ನೆ ಕೂತ್ಕೋ' ಅಂತ ನಾವು ಹೇಳಬೇಕಾಗಿಯೇ ಇಲ್ಲ. ಅಕ್ಷರ ಬಾರದ ಪುಟ್ಟವರಿಗೆ ದೋಸೆ, ಬೆಟ್ಟ, ಮಳೆ ಬರೆಯಿರಿ. ಮಳೆ ಅಂದರೆ ಐದೂ ಬೆರಳು ಮೇಲಿಂದ ಕೆಳಕ್ಕೆ. ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ.

ಇಂಜೆಕ್ಷನ್ ಇರುವ ದಿನದ ಮಾತು ಬೇರೆ. ಸರ್ಕಾರದ ಲಸಿಕೆ ಪಟ್ಟಿಯಲ್ಲಿ 5-6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್ ಇದೆ. ಆ ವಯಸ್ಸಿನ ಮಗುವಿಗೆ ಎಲ್ಲವೂ ಗೊತ್ತಾಗುತ್ತದೆ. 'ಸೂಜಿ ಇಲ್ಲ' ಅಂತ ಸುಳ್ಳು ಹೇಳಿದರೆ ಮುಂದಿನ ಸಲ ಆ ಬೀದಿಗೇ ಬರಲ್ಲ ಅನ್ನುತ್ತದೆ. ಕೊನೆಯ ಎರಡು ಸೊನ್ನೆ ಉಳಿದಾಗ ಬಿಸಿ ಹಾಲು ಆರಿಸುವ ಆಟ ಕಲಿಸಿ. ಎರಡೂ ಅಂಗೈ ಸೇರಿಸಿ ಲೋಟ ಮಾಡಬೇಕು, ಕೆನೆ ಹಾರದ ಹಾಗೆ ನಿಧಾನವಾಗಿ, ಉದ್ದಕ್ಕೆ ಊದಬೇಕು. ಮೂರು ನಾಲ್ಕು ಸಲ ಸಾಕು, ಜೋರಾಗಿ ಊದುತ್ತಲೇ ಇದ್ದರೆ ತಲೆ ಸುತ್ತುತ್ತದೆ. ಒಳಗೆ ಹೋದ ಮೇಲೆ ನರ್ಸ್ ಒಂದು ತೋಳು ಹಿಡಿದುಕೊಳ್ಳುತ್ತಾರೆ, ಆಗ ಲೋಟ ನಿಮ್ಮ ಅಂಗೈಯದ್ದು. ಮಗುವನ್ನು ಮಲಗಿಸಬೇಡಿ, ತೊಡೆ ಮೇಲೆ ಕೂರಿಸಿಕೊಂಡು, ಸೂಜಿ ಹತ್ತಿರ ಬಂದಾಗ 'ಹಾಲು ಆರಿಸು' ಅನ್ನಿ. ಲಸಿಕೆ ನೋವು ಕಮ್ಮಿ ಮಾಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲೂ ಅಪ್ಪನೋ ಅಮ್ಮನೋ ಜೊತೆಗಿರಬೇಕು, ಮಗು ಕೂತಿರಬೇಕು, ಆರು ವರ್ಷದೊಳಗಿನವರ ಗಮನ ಬೇರೆ ಕಡೆ ಸೆಳೆಯಬೇಕು ಅಂತಲೇ ಇದೆ. ನೋವೇ ಆಗಲ್ಲ ಅಂತ ನಾನು ಹೇಳುತ್ತಿಲ್ಲ. ಅತ್ತರೂ ಬೇಗ ನಿಲ್ಲುತ್ತದೆ.

ಇನ್ನು ಸಂಜೆ ಡೇ ಕೇರ್‌ನಿಂದ ಕರೆದುಕೊಂಡು ಹೋಗುವವರು ತಡ ಮಾಡಿದಾಗಿನ ಕಥೆ. ಇಲ್ಲಿ ಮಗುವಿನ ಜೊತೆ ನೀವಿರಲ್ಲ. ಒಬ್ಬೊಬ್ಬರೇ ಹೋಗುತ್ತಾ ಚಪ್ಪಲಿ ಸ್ಟ್ಯಾಂಡ್ ಖಾಲಿ ಆಗುವುದನ್ನು ಆ ಮಗು ನೋಡುತ್ತಿರುತ್ತದೆ. ಇಲ್ಲಿ ಸೊನ್ನೆ ಆಟ ಆಡಿಸೋಕೆ ಹೋಗಬೇಡಿ, ಉಲ್ಟಾ ಹೊಡೆಯುತ್ತದೆ. ಎಲ್ಲರೂ ಹೋದರು, ತಾನೊಬ್ಬನೇ ಉಳಿದೆ ಅನ್ನುವುದೇ ಎಣಿಕೆ ಆಗಿಬಿಡುತ್ತದೆ. ಬದಲಿಗೆ ನಾವು ದಾರಿ ಬರೆಸುತ್ತೇವೆ. ಅಮ್ಮನ ಆಫೀಸು, ಫ್ಲೈಓವರ್, ಪೆಟ್ರೋಲ್ ಬಂಕ್, ಬೇಕರಿ, ಗಣಪತಿ ಗುಡಿ, ನಮ್ಮ ಗೇಟು. ಅಪ್ಪ ಅಮ್ಮಂದಿರಿಗೆ ನನ್ನ ಒಂದೇ ಕೋರಿಕೆ, ಫೋನ್ ಮಾಡಿದಾಗ 'ಬಂದೇಬಿಟ್ಟೆ' ಅನ್ನಬೇಡಿ. ಎಲ್ಲಿದ್ದೀರಿ ಅಂತ ಹೇಳಿ. ಗಾಡಿ ಪಕ್ಕಕ್ಕೆ ನಿಲ್ಲಿಸಿಯೇ ಹೇಳಿ ಮತ್ತೆ!

'ಮಿಸ್, ಅಮ್ಮ ಬಂಕ್ ಹತ್ರ ಬಂದ್ಲು!' ಅಂತ ಕೂಗಿ ಪೆಟ್ರೋಲ್ ಬಂಕ್ ಮೇಲೆ ಗೀಟು ಹಾಕಿದ ಮಗು ಮುಂದಿನ ಬೇಕರಿಯ ಒಳಗೆ ಪಫ್ಸು, ಬನ್ನು ಬರೆಯುತ್ತಾ ಕೂರುತ್ತದೆ. ಅದೂ ಸಾಕಾದರೆ ಆಯಮ್ಮ ಬಣ್ಣದ ಕಡ್ಡಿಗಳ ಡಬ್ಬ ಕೊಡುತ್ತಾರೆ. ಮುರಿದದ್ದು ಒಂದು ಕಡೆ, ಉದ್ದದ್ದು ಒಂದು ಕಡೆ. ಅದು ನಾಳೆಗೆ ಬೇಕಾದ ನಿಜವಾದ ಕೆಲಸ, ಹಾಗಾಗಿ ಮಕ್ಕಳು ಮುತುವರ್ಜಿಯಿಂದ ಮಾಡುತ್ತಾರೆ. ನೀವು ಬಂದಾಗ ಡಬ್ಬದಲ್ಲಿ ಇನ್ನೂ ನಾಲ್ಕು ಕಡ್ಡಿ ಉಳಿದಿದ್ದರೆ ದಯವಿಟ್ಟು ಗೇಟಿನಿಂದಲೇ 'ಬೇಗ ಬಾ' ಅಂತ ಕೂಗಬೇಡಿ. ಅಷ್ಟು ಹೊತ್ತು ಅದು ಕಾದಿದೆ, ನೀವು ಎರಡು ನಿಮಿಷ ಕಾಯಿರಿ.