ಚಪ್ಪಲಿಗೆ ನೆರಳು, ಎಲೆಗೆ ಬಿಸಿಲು

ಯುಗಾದಿ ಊಟದ ದಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಎಲ್ಲರಿಗಿಂತ ಸುಖವಾಗಿದ್ದದ್ದು ಚಪ್ಪಲಿಗಳು. ಅಂಗಳದ ಪೂರ್ವದ ಅಂಚಿನಲ್ಲಿ ರಾಶಿ ಬಿದ್ದು, ನೆರಳಲ್ಲಿ ತಣ್ಣಗೆ ಮಲಗಿದ್ದವು. ಅವುಗಳ ಯಜಮಾನರು ಮಾತ್ರ ಶಾಮಿಯಾನದ ಕೆಳಗೆ ಬಿಸಿಲಲ್ಲಿ ಕೂತು ಒಬ್ಬಟ್ಟು ತಿನ್ನುತ್ತಿದ್ದರು.

ಶಾಮಿಯಾನದ ಕೆಳಗೆ ಬಿಸಿಲು ತರಿಸೋದು ಒಬ್ಬರಿಂದ ಆಗುವ ಕೆಲಸವಲ್ಲ. ಅದಕ್ಕೊಂದು ಸಮಿತಿ ಬೇಕು.

ನಮ್ಮ ಸಮಿತಿ ಒಂದು ತಿಂಗಳು ಮುಂಚೆಯೇ ಕೂತಿತ್ತು. ಮೂರು ಸಭೆ ಆಯ್ತು. ಮೂರರಲ್ಲೂ ಚರ್ಚೆ ಆಗಿದ್ದು ಫೋಟೋ ಹೇಗೆ ಬರುತ್ತೆ ಅನ್ನೋದು. ಡ್ರೋನಿಗೆ ಮೇಲಿಂದ ಚೆಂದ ಕಾಣಬೇಕು. ಒಳಗೆ ಗಾಜಿನ ಗೊಂಚಲು ದೀಪ ತೂಗಬೇಕು. ಗೊಂಚಲು ಯಾರ ತಲೆಗೂ ತಾಗಬಾರದು ಅಂತ ಕಂಬದ ಎತ್ತರ 9 ಅಡಿಯಿಂದ 15 ಅಡಿಗೆ ಏರಿತು. ನೆರಳು ಅನ್ನೋ ಪದ ಸಭೆಯ ಟಿಪ್ಪಣಿಯಲ್ಲಿ ಎಲ್ಲೂ ಇರಲಿಲ್ಲ. ಶಾಮಿಯಾನ ಅಂದಮೇಲೆ ನೆರಳು ಇದ್ದೇ ಇರುತ್ತೆ, ಅಲ್ವಾ?

ಬೆಳಿಗ್ಗೆ 7ಕ್ಕೆ ಶಾಮಿಯಾನದವರು ಬಂದರು. ನಮ್ಮ ಅಂಗಳದ ಕೆಳಗೆ ಪಾರ್ಕಿಂಗ್ ಇದೆ. ಗೂಟ ಹೊಡೆದರೆ ಕೆಳಗಿನ ಕಾರಿನ ಮೇಲೆ ಮಳೆಗಾಲದಲ್ಲಿ ನೀರು ತೊಟ್ಟಿಕ್ಕುತ್ತೆ. ಹಾಗಾಗಿ ಮರಳು ತುಂಬಿದ ಡ್ರಮ್ಮಿಗೆ ಹಗ್ಗ ಬಿಗಿದರು. ಡ್ರಮ್ಮು ಅಸಹ್ಯ ಅಂತ ಸಾಂಸ್ಕೃತಿಕ ಕಾರ್ಯದರ್ಶಿಗಳು ಅವಕ್ಕೆಲ್ಲ ಸ್ಯಾಟಿನ್ ಬಟ್ಟೆ ಉಡಿಸಿ, ಸೊಂಟಕ್ಕೆ ಸೇವಂತಿಗೆ ಹಾರ ಸುತ್ತಿಸಿದರು. ಒಟ್ಟು ಹದಿನಾಲ್ಕು ದಪ್ಪ ಮದುಮಗಳಂದಿರು.

ಆ ತಂಡದಲ್ಲಿ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು. ಅವರು ಒಂದೇ ಪ್ರಶ್ನೆ ಕೇಳಿದರು.

"ಸಾರ್, ಊಟ ಎಷ್ಟೊತ್ತಿಗೆ?"

"ಹನ್ನೆರಡೂವರೆಗೆ" ಅಂದರು ಅಧ್ಯಕ್ಷರು.

"ಭಾಷಣ ಐತಾ?"

"ಐದೇ ನಿಮಿಷ."

ಮೇಸ್ತ್ರಿ ನಕ್ಕರು. "ಹಂಗಾದ್ರೆ ಮೂರು ಗಂಟೆ. ಪಶ್ಚಿಮಕ್ಕೆ ಒಂದು ಪರದೆ ಇಳಿಬಿಡ್ತೀನಿ ಸಾರ್. ಕೆಳಗೆ ಮೂರು ಅಡಿ ಬಿಟ್ರೆ ಗಾಳಿನೂ ಆಡ್ತದೆ."

ಇಡೀ ಒಂದು ತಿಂಗಳಲ್ಲಿ ಊಟ ಮಾಡುವವರ ಬಗ್ಗೆ ಯೋಚಿಸಿದ ಮೊದಲ ಮನುಷ್ಯ. ಆದರೆ ಪಶ್ಚಿಮದ ಕಡೆ ನಮ್ಮಲ್ಲಿ ಕಟ್ಟಡ ಇಲ್ಲ, ಮೈದಾನ ಇದೆ. ಸೂರ್ಯಾಸ್ತ ಕಾಣುತ್ತೆ ಅಂತ ಚದರಡಿಗೆ ಜಾಸ್ತಿ ಕೊಟ್ಟು ಮನೆ ಕೊಂಡವರು ನಾವು. ಅದನ್ನು ಪರದೆ ಹಾಕಿ ಮುಚ್ಚೋದಾ? ಫೋಟೋದವನೂ ಬೇಡ ಅಂದ. ಆ ಕಡೆಯ ಬೆಳಕು ಮುಖಕ್ಕೆ ಚೆನ್ನಾಗಿ ಬೀಳುತ್ತಂತೆ. ಬಿತ್ತು.

ಬೆಂಗಳೂರಲ್ಲಿ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ ಒಂದು ಗಳಿಗೆ ನೆರಳು ಪೂರ್ತಿ ಕಾಲಡಿ ಸೇರಿಬಿಡುತ್ತೆ. ಶೂನ್ಯ ನೆರಳಿನ ದಿನ ಅಂತ ನಮ್ಮ ಮಕ್ಕಳು ಇದೇ ಅಂಗಳದಲ್ಲಿ ಕೋಲು ನಿಲ್ಲಿಸಿ ನೋಡಿದ್ದರು, ಸಮಿತಿಯವರು ಚಪ್ಪಾಳೆ ತಟ್ಟಿದ್ದರು. ಯುಗಾದಿ ಬರೋದು ಅದಕ್ಕೆ ಹತ್ತಿರಹತ್ತಿರ ಒಂದು ತಿಂಗಳು ಮುಂಚೆ. ಆಗಲೂ 12 ಗಂಟೆ 25 ನಿಮಿಷದ ಹೊತ್ತಿಗೆ ಸೂರ್ಯ ಹೆಚ್ಚುಕಮ್ಮಿ ನೆತ್ತಿಯ ಮೇಲೇ ಇರುತ್ತಾನೆ. ಶಾಮಿಯಾನದ ನೆರಳು ಶಾಮಿಯಾನದ ಕೆಳಗೇ ಬೀಳುತ್ತೆ. ಹನ್ನೆರಡೂವರೆಗೆ ಎಲೆ ಹಾಕಿದ್ದರೆ ನಾನು ಈ ಲೇಖನ ಬರೆಯುತ್ತಲೇ ಇರಲಿಲ್ಲ.

ಮುಖ್ಯ ಅತಿಥಿಗಳು ಬಂದಿದ್ದು 1 ಗಂಟೆ 40ಕ್ಕೆ. ಐದು ನಿಮಿಷದ ಭಾಷಣಗಳು ಮುಗಿದಾಗ 3 ಗಂಟೆ. ಆ ಹೊತ್ತಿಗೆ ನೆರಳು ಕಂಬದ ಎತ್ತರದ ಐದರಲ್ಲಿ ನಾಲ್ಕು ಪಾಲಿನಷ್ಟು ಪೂರ್ವಕ್ಕೆ ಸರಿದಿರುತ್ತೆ. ನಮ್ಮ 15 ಅಡಿ ಕಂಬಕ್ಕೆ 12 ಅಡಿ. ಶಾಮಿಯಾನದ ಅಗಲವೇ 18 ಅಡಿ. ಅಂದರೆ ಕಾಸು ಕೊಟ್ಟು ತರಿಸಿದ ನೆರಳಿನಲ್ಲಿ ನಮಗೆ ಉಳಿದದ್ದು 6 ಅಡಿ. ಮಿಕ್ಕ 12 ಅಡಿ ಆಚೆ ಹೋಗಿ ಚಪ್ಪಲಿ ರಾಶಿಯ ಮೇಲೆ ಬಿದ್ದಿತ್ತು. ಗೊಂಚಲು ದೀಪದ ಆಸೆ ಬಿಟ್ಟು 9 ಅಡಿಗೇ ನಿಲ್ಲಿಸಿದ್ದರೆ 7 ಅಡಿ ಸರಿಯುತ್ತಿತ್ತು, ನಡುವಿನ ಸಾಲಾದರೂ ಬದುಕುತ್ತಿತ್ತು. ಮೇಸ್ತ್ರಿಯ ಪರದೆ ಇದ್ದಿದ್ದರೆ ಮೂರೂ ಸಾಲು ಬದುಕುತ್ತಿದ್ದವು. ಕೆಳಗಿನ ಆ 3 ಅಡಿ ಸಂದಿಯಿಂದ ಬಿಸಿಲು ಒಳಗೆ ಬಂದರೂ ಅಂಚಿನಿಂದ ಎರಡೂವರೆ ಅಡಿ ದಾಟುತ್ತಿರಲಿಲ್ಲ.

ಉದ್ದುದ್ದಕ್ಕೆ ಮೂರು ಸಾಲು, ಸಾಲಿಗೆ 18 ಎಲೆ. ನೆರಳು ಸಿಕ್ಕಿದ್ದು ಪೂರ್ವದ ಸಾಲಿಗೆ ಮಾತ್ರ. ಆ ಸಾಲನ್ನು ಡ್ರೈವರುಗಳಿಗೆ, ಸೆಕ್ಯುರಿಟಿಯವರಿಗೆ, ಮನೆಗೆಲಸದವರಿಗೆ ಅಂತ ಬಿಟ್ಟಿದ್ದರು. ನೋಟ ಚೆನ್ನಾಗಿದೆ ಅಂತ ಪಶ್ಚಿಮದ ಸಾಲು ಗಣ್ಯರಿಗೆ. ಕುರ್ಚಿಗೆ ಮೆರೂನ್ ವೆಲ್ವೆಟ್ ಹೊದಿಕೆ ಬೇರೆ. ಹೆಚ್ಚುಕಮ್ಮಿ ಎರಡು ತಾಸು ಬಿಸಿಲು ಕುಡಿದ ವೆಲ್ವೆಟ್ಟಿನ ಮೇಲೆ ಮುಖ್ಯ ಅತಿಥಿಗಳು ಕೂತರು. ಕೂತ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಎದ್ದರು.

ಆಮೇಲೆ ಯಾರೋ ಕೊಡೆ ತಂದರು. ಶಾಮಿಯಾನದ ಒಳಗೆ, ಗೊಂಚಲು ದೀಪದ ಕೆಳಗೆ, ಒಬ್ಬ ಕೊಡೆ ಹಿಡಿದು ನಿಂತ. ಕೋಸಂಬರಿ ಬಡಿಸುವ ಹುಡುಗ ಕೊಡೆಗೆ ಬಗ್ಗಿದ, ಹಿಂದೆ ಪಾಯಸದವನು ಬಗ್ಗಿದ, ತುಪ್ಪದವನು ಬಗ್ಗಲಿಲ್ಲ. ತುಪ್ಪ ಕೊಡೆಯ ಮೇಲಿಂದ ಜಾರಿ ಅಧ್ಯಕ್ಷರ ರೇಷ್ಮೆ ಶಲ್ಯಕ್ಕೆ ಬಂತು. ಇಂಥ ಫೋಟೋವನ್ನು ಮಾತ್ರ ಆ ಫೋಟೋದವನು ತೆಗೆಯಲಿಲ್ಲ. ಪೂರ್ವದ ಸಾಲಿನಲ್ಲಿ ನಮ್ಮ ರಾತ್ರಿ ಪಾಳಿಯ ಸೆಕ್ಯುರಿಟಿ ಅಣ್ಣ ನಿಧಾನವಾಗಿ ಎರಡನೇ ಒಬ್ಬಟ್ಟಿಗೆ ಹಾಲು ಹಾಕಿಸಿಕೊಳ್ಳುತ್ತಿದ್ದ.

ಮಿಕ್ಕ ಒಬ್ಬಟ್ಟು, ಒಬ್ಬಟ್ಟಿನ ಸಾರು ರಾತ್ರಿ ಊಟಕ್ಕೆ ಬಂತು. ರಾತ್ರಿ ಬಿಸಿಲಿನ ಭಯ ಇಲ್ಲ ಅಂದುಕೊಂಡೆ. ದೀಪದವರನ್ನು ಮರೆತಿದ್ದೆ. ಗೊಂಚಲು ಆರಿಸಿ, ಕಂಬಕ್ಕೊಂದು ನೇರಳೆ, ನೀಲಿ ಲೈಟು ಹಚ್ಚಿದರು. ನೀಲಿ ಬೆಳಕಲ್ಲಿ ಅನ್ನ ನೀಲಿ, ಸಾರು ಕಪ್ಪು, ನಿಂಬೆಕಾಯಿ ಉಪ್ಪಿನಕಾಯಿನೂ ಕಪ್ಪು. ಸಾಲದ್ದಕ್ಕೆ ಲೈಟು ಇಟ್ಟಿದ್ದು ನಮ್ಮ ಬೆನ್ನ ಹಿಂದೆ, ಹಾಗಾಗಿ ನಮ್ಮ ನಮ್ಮ ನೆರಳು ನಮ್ಮ ನಮ್ಮ ಎಲೆ ಮೇಲೆ. ಮಧ್ಯಾಹ್ನ ಬೇಡಿದಾಗ ಬಾರದ ನೆರಳು ಈಗ ಎಲೆ ತುಂಬ ಬಡಿಸಿತ್ತು. ನಾನು ಬೆಲ್ಲದ ಚೂರು ಅಂತ ಬಾಯಿಗೆ ಹಾಕಿಕೊಂಡದ್ದು ಉಪ್ಪಿನಕಾಯಿ ಹೋಳು.

"ಬಡಿಸೋರು ಓಡಾಡ್ತಾರಲ್ಲ, ಆ ದಾರಿ ಮೇಲೆ ನಾಲ್ಕು ಹಳದಿ ಬಲ್ಬು ಕಟ್ಟಿದ್ರೆ ಸಾಕಿತ್ತು" ಅಂದರು ಮೇಸ್ತ್ರಿ, ಹಗ್ಗ ಸುತ್ತುತ್ತಾ. ಬೆಳಕು ಎದುರಿಂದ ಬೀಳುತ್ತೆ, ಎಲೆ ಕಾಣುತ್ತೆ. ಒಂದು ಜೋರು ಬಿಳಿ ಲೈಟನ್ನು ದೂರದ ಗೇಟಿನ ಹತ್ತಿರ ಹಾಕಿದರೆ ಹುಳಗಳೂ ಜಾಸ್ತಿ ಅಲ್ಲಿಗೇ ಹೋಗುತ್ತವಂತೆ. ಇದಕ್ಕೆ ಎಷ್ಟು ಸಭೆ ಬೇಕು ಅಂತ ಕೇಳೋಣ ಅಂದುಕೊಂಡೆ, ಸುಮ್ಮನಾದೆ.

ಮೊನ್ನೆ ಸಮಿತಿ ಮತ್ತೆ ಸೇರಿತ್ತು. ಈ ಸಲ ಸೆಕೆ ಜಾಸ್ತಿ ಆಯ್ತು ಅಂತ ದೂರು ಬಂದಿದೆಯಂತೆ. ಗಾಳಿ ಆಡಲಿ ಅಂತ ಮುಂದಿನ ಯುಗಾದಿಗೆ ಎತ್ತರ 20 ಅಡಿ ಮಾಡೋದು ಅಂತ ಒಮ್ಮತದ ತೀರ್ಮಾನ. ನಾನು ಮನೆಗೆ ಬಂದು ಲೆಕ್ಕ ಹಾಕಿದೆ. 3 ಗಂಟೆಗೆ 16 ಅಡಿ. ಅಧ್ಯಕ್ಷರಿಗೆ ಈಗಲೇ ಅರ್ಜಿ ಕೊಟ್ಟಿದ್ದೇನೆ, ನನ್ನ ಎಲೆ ಚಪ್ಪಲಿ ಬಿಡೋ ಜಾಗದಲ್ಲಿ ಹಾಕಿಸಿ ಅಂತ. ನನಗಿಂತ ಮುಂಚೆ ಒಂಬತ್ತು ಅರ್ಜಿ ಬಂದಿವೆಯಂತೆ.